ಮೊದಲ ಪಗಾರದವರ ಬಜೆಟ್ ಆಪ್‌ಗೆ ಒಂದು ಹೆಡ್‌ಲೈನ್: ಪುಣೆಯ ಒಂದು ಪ್ರಕರಣ

ಪುಣೆಯ ವಾಕಡ್‌ನಲ್ಲಿ ಇಬ್ಬರು ಗೆಳೆಯರು ಸೇರಿ ಒಂದು ಬಜೆಟ್ ಆಪ್ ಮಾಡಿದ್ದಾರೆ. ಒಬ್ಬರು ಧಾರವಾಡದವರು, ಇನ್ನೊಬ್ಬರು ಸೊಲ್ಲಾಪುರದ ಕನ್ನಡ ಮನೆಯವರು. ಆಪ್ ಯಾರಿಗೆ ಅನ್ನುವುದರಲ್ಲಿ ಅವರಿಗೆ ಗೊಂದಲ ಇರಲಿಲ್ಲ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಹಿಂಜವಡಿ, ಖರಾಡಿಯಲ್ಲಿ ಮೊದಲ ಕೆಲಸ ಹಿಡಿದ ಹುಡುಗ ಹುಡುಗಿಯರಿಗೆ. ಜಾಹೀರಾತು ಒತ್ತಿ ಬಂದವರಿಗೆ ಮೊದಲು ಕಾಣುವ ಲ್ಯಾಂಡಿಂಗ್ ಪೇಜ್ ಕನ್ನಡದಲ್ಲೂ ಇರಬೇಕು ಅಂತ ತೀರ್ಮಾನಿಸಿ, ಅದರ ಹೆಡ್‌ಲೈನ್ ಮತ್ತು ಸಬ್‌ಹೆಡಿಂಗ್ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದರು. ಎರಡೇ ಸಾಲಿನ ಕೆಲಸ. ಆದರೆ ಆ ಎರಡು ಸಾಲು ಓದಿಯೇ ಬಂದವರು ಉಳಿಯುತ್ತಾರೆ ಅಥವಾ ಹೋಗುತ್ತಾರೆ. ಕೆಳಗಿರುವುದನ್ನು ಓದುವವರು ಕಡಿಮೆ.

ಆಗ ಪೇಜ್ ಮೇಲೆ ಇದ್ದ ಹೆಡ್‌ಲೈನ್ ಹೀಗಿತ್ತು: "ನಿಮ್ಮ ಹಣ, ನಿಮ್ಮ ಹಿಡಿತದಲ್ಲಿ". ಕೆಳಗೆ: "ಸ್ಮಾರ್ಟ್ ಬಜೆಟಿಂಗ್ ಮೂಲಕ ನಿಮ್ಮ ಆರ್ಥಿಕ ಗುರಿಗಳನ್ನು ತಲುಪಿ".

ಇದನ್ನು ನಾವು ಐದು ಸೆಕೆಂಡಿನ ಪರೀಕ್ಷೆಗೆ ಒಡ್ಡಿದೆವು. ಫೋನಿನಲ್ಲಿ ಪೇಜನ್ನು ಐದು ಸೆಕೆಂಡು ತೋರಿಸುವುದು, ಫೋನ್ ತಿರುಗಿಸಿಬಿಡುವುದು, ಆಮೇಲೆ ಎರಡು ಪ್ರಶ್ನೆ ಕೇಳುವುದು. ಇದು ಏನು ಮಾಡುವ ಆಪ್? ಯಾರಿಗಾಗಿ ಮಾಡಿದ್ದು? ಪರೀಕ್ಷೆಗೆ ದೊಡ್ಡ ಏರ್ಪಾಡು ಬೇಕಿಲ್ಲ. ವಾಕಡ್‌ನ ಒಂದು ಮೆಸ್ಸಿನಲ್ಲಿ ರಾತ್ರಿ ಊಟಕ್ಕೆ ಬಂದವರನ್ನೇ ಕೇಳಿದೆವು. ಉತ್ತರಗಳು ಚೆಲ್ಲಾಪಿಲ್ಲಿಯಾಗಿದ್ದವು. ಮ್ಯೂಚುವಲ್ ಫಂಡ್ ಅಂದರು, ಬ್ಯಾಂಕಿನದು ಅಂದರು, ವಿಮೆ ಇರಬೇಕು ಅಂದರು. ಯಾರಿಗಾಗಿ ಅನ್ನುವುದಕ್ಕೆ ಬಹಳ ಜನ "ಎಲ್ಲಾರಿಗೂ" ಅಂದರು. ತನಗಾಗಿ ಅಂತ ಯಾರೂ ಹೇಳಲಿಲ್ಲ. ಆ ಹೆಡ್‌ಲೈನನ್ನು ಬ್ಯಾಂಕಿನ ಪೇಜಿಗೂ ಹಾಕಬಹುದು, ವಿಮೆ ಕಂಪನಿಯ ಪೇಜಿಗೂ ಹಾಕಬಹುದು. ಅಲ್ಲೇ ಅದರ ತೊಂದರೆ ಇದ್ದದ್ದು.

ಸಾಲದ ಆಪ್ ಅಂದುಕೊಂಡರು

ಸ್ಥಾಪಕರಲ್ಲಿ ಒಬ್ಬರು ಅಷ್ಟರಲ್ಲಿ ಇನ್ನೊಂದು ಹೆಡ್‌ಲೈನ್ ಹಾಕಿ ನೋಡಿದ್ದರು: "ತಿಂಗಳು ಮುಗಿಯುವ ಮೊದಲೇ ಪಗಾರ ಖಾಲಿಯಾಗ್ತಿದೆಯಾ?" ಕೆಳಗೆ: "ಚಿಂತೆ ಬಿಡಿ, ನಾವಿದ್ದೇವೆ." ಇದರಲ್ಲಿ ಒಂದು ಒಳ್ಳೆಯ ಅಂಶ ಇತ್ತು. ಓದುವವರ ಬದುಕಿನ ಒಂದು ನಿಜವಾದ ಹೊತ್ತನ್ನು ಅದು ಹಿಡಿದಿತ್ತು. ಕ್ಲಿಕ್ ಕೂಡ ಜಾಸ್ತಿ ಬರುತ್ತಿದ್ದವು, ಹಾಗಾಗಿ ಅವರಿಗೆ ಇದು ಗೆದ್ದಿದೆ ಅನ್ನಿಸಿತ್ತು.

ಆದರೆ ಆಪ್ ಹಾಕಿಕೊಂಡವರು ಮುಂದಿನ ಹೆಜ್ಜೆ ಇಡುತ್ತಿರಲಿಲ್ಲ. ಈ ಆಪ್‌ನಲ್ಲಿ ಮೊದಲು ಪಗಾರದ ತಾರೀಖು ಮತ್ತು ಪಕ್ಕಾ ಖರ್ಚುಗಳನ್ನು ತುಂಬಬೇಕು. ಅದನ್ನು ತುಂಬದೆ ಆಪ್ ಏನನ್ನೂ ತೋರಿಸುವುದಿಲ್ಲ. ಬಹಳ ಜನ ಅಲ್ಲೇ ನಿಂತು, ಮರುದಿನ ಆಪ್ ತೆಗೆದುಹಾಕುತ್ತಿದ್ದರು. ಸಹಾಯದ ಇನ್‌ಬಾಕ್ಸ್ ತೆರೆದು ನೋಡಿದಾಗ ಕಾರಣ ತಿಳಿಯಿತು. "ಎಷ್ಟು ಲೋನ್ ಸಿಗುತ್ತದೆ?", "ಆಧಾರ್ ಸಾಕಾ, ಪಗಾರ ಸ್ಲಿಪ್ ಬೇಕಾ?" ಎಂಬ ಪ್ರಶ್ನೆಗಳೇ ಸಾಲುಸಾಲಾಗಿ ಬಂದಿದ್ದವು.

ಯೋಚಿಸಿದರೆ ಇದು ಸಹಜ. ಪಗಾರ ಖಾಲಿಯಾಯಿತಾ ಅಂತ ಕೇಳಿ, ನಾವಿದ್ದೇವೆ ಅಂತ ಹೇಳುವವರು ನಮ್ಮ ಫೋನುಗಳಲ್ಲಿ ಯಾರು? ದಿಢೀರ್ ಸಾಲ ಕೊಡುವ ಆಪ್‌ನವರು. ಅವರ ಜಾಹೀರಾತುಗಳು ಆ ಮಾತಿನ ಧಾಟಿಯನ್ನೇ ತಮ್ಮದು ಮಾಡಿಕೊಂಡಿವೆ. ಕೊರತೆಯನ್ನು ಎತ್ತಿ ಆಡಿ, ಪರಿಹಾರ ಏನು ಅಂತ ಹೇಳದೆ ಬಿಟ್ಟರೆ, ಓದುವವರು ಆ ಖಾಲಿ ಜಾಗಕ್ಕೆ ತಮಗೆ ಗೊತ್ತಿರುವ ಪರಿಹಾರವನ್ನೇ ತುಂಬಿಕೊಳ್ಳುತ್ತಾರೆ. ಅದು ಸಾಲ.

"ಇದು ಸಾಲದ ಆಪ್ ಅಲ್ಲ" ಅಂತ ಸಬ್‌ಹೆಡಿಂಗ್‌ನಲ್ಲಿ ಸೇರಿಸಿದರೆ ಸರಿಹೋಗುವುದಿಲ್ಲವೇ ಅಂತ ಅವರು ಕೇಳಿದರು. ನಾನು ಬೇಡ ಅಂದೆ. ಹೆಡ್‌ಲೈನ್ ಎಬ್ಬಿಸಿದ ತಪ್ಪು ಊಹೆಯನ್ನು ಅಳಿಸುವುದಕ್ಕೇ ಸಬ್‌ಹೆಡಿಂಗ್ ಖರ್ಚಾಗಿಬಿಟ್ಟರೆ, ಆಪ್ ಏನು ಮಾಡುತ್ತದೆ ಅಂತ ಹೇಳಲು ಜಾಗವೇ ಉಳಿಯುವುದಿಲ್ಲ. ಮೇಲಿನ ಸಾಲನ್ನೇ ಬದಲಿಸಬೇಕಿತ್ತು. ಜೊತೆಗೆ ಇನ್ನು ಮುಂದೆ ಎಣಿಸಬೇಕಾದದ್ದು ಕ್ಲಿಕ್ ಅಲ್ಲ, ಪಗಾರದ ತಾರೀಖು ತುಂಬಿದವರನ್ನು ಅಂತ ಅವತ್ತೇ ಗೊತ್ತುಮಾಡಿಕೊಂಡೆವು.

ನಿಜವಾಗಿ ಎಡವುವುದು ಎಲ್ಲಿ

ಮೆಸ್ಸಿನಲ್ಲಿ ಹುಡುಗರನ್ನು ಮಾತಾಡಿಸುವಾಗ ನಾವು "ಬಜೆಟ್ ಮಾಡ್ತೀರಾ?" ಅಂತ ಕೇಳುವುದನ್ನು ನಿಲ್ಲಿಸಿದೆವು. ಆ ಪ್ರಶ್ನೆಗೆ ಎಲ್ಲರೂ "ಮಾಡಬೇಕ್ರಿ" ಅಂತ ಹೇಳಿ ಸುಮ್ಮನಾಗುತ್ತಾರೆ. ಅದರ ಬದಲು, ಹೋದ ತಿಂಗಳು ದುಡ್ಡಿನ ವಿಷಯದಲ್ಲಿ ಪೇಚಾಡಿದ ಒಂದು ದಿನ ನೆನಪಿಸಿಕೊಳ್ಳಿ ಅಂದೆವು. ವಿಜಯಪುರದ ಹುಡುಗನೊಬ್ಬ ಹೇಳಿದ ಮಾತನ್ನು ಹಾಗೇ ಬರೆದುಕೊಂಡೆ: "ಅಕೌಂಟಿನ್ಯಾಗ ಹನ್ನೆರಡು ಸಾವಿರ ಕಾಣತಿತ್ರಿ. ರೊಕ್ಕ ಐತಲ್ಲ ಅಂತ ಬೂಟ್ ತಗೊಂಡೆ. ಮರುದಿನ ಅವ್ವಗ ಕಳಸೋದು ನೆನಪಾತು."

ಬೇರೆಬೇರೆ ರೂಪದಲ್ಲಿ ಇದೇ ಮಾತು ಮತ್ತೆ ಮತ್ತೆ ಬಂತು. ಇವರು ದುಂದು ಮಾಡುವವರಲ್ಲ. ಬ್ಯಾಂಕಿನ ಬ್ಯಾಲೆನ್ಸ್ ನೋಡಿ ನಿರ್ಧಾರ ಮಾಡುತ್ತಾರೆ. ಆ ಬ್ಯಾಲೆನ್ಸಿನಲ್ಲಿ ಆಗಲೇ ಬೇರೆಯವರಿಗೆ ಸೇರಬೇಕಾದ ದುಡ್ಡೂ ಸೇರಿರುತ್ತದೆ. ಅದನ್ನು ಬೇರೆ ಮಾಡಿ ತೋರಿಸುವವರು ಯಾರೂ ಇಲ್ಲ.

ಒಬ್ಬರ ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡೋಣ. ಹೆಡ್‌ಲೈನ್ ಹುಟ್ಟಿದ್ದು ಈ ಲೆಕ್ಕದಿಂದಲೇ.

ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 3.6 ಲಕ್ಷ ಅಂತ ಇದೆ ಅಂದುಕೊಳ್ಳಿ. ಮನೆಯವರೂ, ಹುಡುಗನೂ ತಿಂಗಳಿಗೆ 30,000 ಅಂದುಕೊಳ್ಳುತ್ತಾರೆ. ಬೇಸಿಕ್ 15,000 ಇದ್ದರೆ, ಕಂಪನಿಯ ಪಾಲಿನ ಪಿಎಫ್ 1,800 ಆ ಮೂವತ್ತು ಸಾವಿರದೊಳಗೇ ಇರುತ್ತದೆ. ಗ್ರಾಚ್ಯುಟಿ ಅಂತ ಬೇಸಿಕ್‌ನ ಶೇಕಡಾ 4.81, ಅಂದರೆ ಸುಮಾರು 720 ರೂಪಾಯಿಯನ್ನೂ ಬಹಳ ಕಂಪನಿಗಳು ಅದರಲ್ಲೇ ಸೇರಿಸಿರುತ್ತವೆ. ಇವೆರಡೂ ಕೈಗೆ ಬರುವುದಿಲ್ಲ. ಆಮೇಲೆ ನೌಕರನ ಪಾಲಿನ ಪಿಎಫ್ ಇನ್ನೊಂದು 1,800 ಹೋಗುತ್ತದೆ. ಮಹಾರಾಷ್ಟ್ರದ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಕೊನೆಗೆ ಅಕೌಂಟಿಗೆ ಬೀಳುವುದು ಸುಮಾರು 25,500.

ಇದರಲ್ಲಿ ಪಿಜಿಗೆ 9,000. ಮನೆಗೆ 6,000. ಫೋನಿನ ಇಎಂಐ 1,500, ರೀಚಾರ್ಜ್ 300. ಊರಿಗೆ ಹೋಗಿಬರಲು 1,200, ಉಳಿತಾಯ ಅಂತ 2,000. ಒಟ್ಟು 20,000. ಕೈಖರ್ಚಿಗೆ ಉಳಿಯುವುದು 5,500, ಅಂದರೆ ಮೂವತ್ತು ದಿನದ ತಿಂಗಳಲ್ಲಿ ದಿನಕ್ಕೆ 183 ರೂಪಾಯಿ.

ಈಗ 12ನೇ ತಾರೀಖಿನ ಬೆಳಗ್ಗೆಗೆ ಬನ್ನಿ. ಪಿಜಿ, ಇಎಂಐ, ರೀಚಾರ್ಜ್ ಆಗಿದೆ. ಕೈಖರ್ಚಿನಲ್ಲಿ 2,900 ಹೋಗಿದೆ. ಮನೆಗೆ ಇನ್ನೂ ಕಳಿಸಿಲ್ಲ. ಊರಿನ ಟಿಕೆಟ್, ಉಳಿತಾಯದ ದುಡ್ಡೂ ಅಕೌಂಟಿನಲ್ಲೇ ಇದೆ. ಬ್ಯಾಂಕ್ ತೋರಿಸುವ ಬ್ಯಾಲೆನ್ಸ್ 11,800. ಖರ್ಚು ಮಾಡಬಹುದಾದದ್ದು 2,600 ಮಾತ್ರ. ಇನ್ನು 19 ದಿನ ಇದೆ, ದಿನಕ್ಕೆ 137 ರೂಪಾಯಿ ಕೂಡ ಪೂರ್ತಿ ಬರುವುದಿಲ್ಲ. ಒಂದೇ ಅಕೌಂಟಿಗೆ ಹೀಗೆ ಎರಡು ಸಂಖ್ಯೆ ಇವೆ. ಹುಡುಗನಿಗೆ ಕಾಣುವುದು ದೊಡ್ಡದು ಮಾತ್ರ. ಆಪ್ ಮಾಡುವ ಮುಖ್ಯ ಕೆಲಸವೇ ಚಿಕ್ಕದನ್ನು ತೋರಿಸುವುದು. ಅದನ್ನು ಬಿಟ್ಟು ಪೇಜ್ ಮೇಲೆ "ಆರ್ಥಿಕ ಗುರಿ" ಅಂತ ಬರೆದಿದ್ದರು.

ಈ ಲೆಕ್ಕ ಇನ್ನೊಂದು ಹೆಡ್‌ಲೈನನ್ನೂ ತಳ್ಳಿಹಾಕಿತು. "ತಿಂಗಳಿಗೆ ₹5,000 ಉಳಿಸಿ" ಅಂತ ಹಾಕೋಣ, ಸಂಖ್ಯೆ ಇದ್ದರೆ ಜನ ನಿಲ್ಲುತ್ತಾರೆ ಅಂತ ಒಂದು ಸಲಹೆ ಬಂದಿತ್ತು. ಸಂಖ್ಯೆಗೆ ಜನ ನಿಲ್ಲುವುದು ನಿಜ. ಆದರೆ ಕೈಖರ್ಚಿಗೇ 5,500 ಇರುವವರಿಗೆ ಅದು ಆಗದ ಮಾತು. ಅಲ್ಲದೆ ಅದು ಗ್ರಾಹಕರಿಗೆ ಕೊಡುವ ಭರವಸೆ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ತಂದ ಮಾರ್ಗಸೂಚಿಗಳಿವೆ. ಜಾಹೀರಾತು ಉದ್ಯಮದ ಸ್ವಂತ ಮಂಡಳಿಯ ನಿಯಮವೂ ಹೇಳಿದ್ದಕ್ಕೆ ಆಧಾರ ಕೇಳುತ್ತದೆ. ಹೊಸ ಆಪ್ ಬಳಿ ಅಂಥ ಆಧಾರ ಎಲ್ಲಿಂದ ಬರಬೇಕು?

ಹೆಡ್‌ಲೈನ್

ಕೊನೆಗೆ ನಿಂತದ್ದು ಇದು:

ಮುಂದಿನ ಪಗಾರದವರೆಗೆ ದಿನಕ್ಕೆ ಎಷ್ಟು ಖರ್ಚು ಮಾಡಬಹುದು?

ಇದು ಆ ಹುಡುಗರು ಬೂಟಿನ ಅಂಗಡಿಯಲ್ಲಿ, ಹೋಟೆಲಿನಲ್ಲಿ ತಮಗೆ ತಾವೇ ಕೇಳಿಕೊಳ್ಳುವ ಪ್ರಶ್ನೆ. ಉತ್ತರ ಸಿಗದೆ ಬ್ಯಾಲೆನ್ಸ್ ನೋಡಿ ಸುಮ್ಮನಾಗುವ ಪ್ರಶ್ನೆ. ಹೆಡ್‌ಲೈನ್ ಅದನ್ನು ಅವರ ಬಾಯಿಂದಲೇ ಎತ್ತಿಕೊಂಡಿದೆ. "ಖರ್ಚು ಮಾಡಬಹುದು" ಅನ್ನುವಲ್ಲಿ ಬುದ್ಧಿವಾದ ಇಲ್ಲ, ಒಪ್ಪಿಗೆ ಇದೆ. ಮನೆಗೆ ಕಳಿಸಿ, ಬಾಡಿಗೆ ಕಟ್ಟಿ ಉಳಿದದ್ದನ್ನು ಮನಸ್ಸಿಗೆ ಚುಚ್ಚದೆ ಖರ್ಚು ಮಾಡಬಹುದು ಅನ್ನುವುದು ಇವರಿಗೆ ನಿಜವಾಗಿ ಬೇಕಾದ ಸಮಾಧಾನ. ಎಷ್ಟೋ ಬಜೆಟ್ ಆಪ್‌ಗಳ ಪೇಜ್ ಓದಿದರೆ ಖರ್ಚು ಮಾಡುವುದೇ ತಪ್ಪು ಅನ್ನಿಸುತ್ತದೆ. ಮೊದಲ ಸಲ ಸ್ವಂತ ದುಡ್ಡು ನೋಡಿದವರ ಹತ್ತಿರ ಆ ಧ್ವನಿಯಲ್ಲಿ ಮಾತಾಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

"ಮುಂದಿನ ಪಗಾರದವರೆಗೆ" ಅನ್ನುವ ಗಡುವು ಕೂಡ ಬೇಕೇಬೇಕಿತ್ತು. ತಿಂಗಳು ಅಂತ ಬರೆದಿದ್ದರೆ 1ರಿಂದ 30ರ ಲೆಕ್ಕ ಆಗುತ್ತಿತ್ತು. ಕೆಲವರ ಪಗಾರ 7ಕ್ಕೆ ಬರುತ್ತದೆ, ಕೆಲವರದು ತಿಂಗಳ ಕೊನೆಯ ಕೆಲಸದ ದಿನ. ಕಂಪನಿಯ ಲೆಕ್ಕ ಮುಚ್ಚುವ ದಿನ ದಾಟಿ ಸೇರಿದವರಿಗೆ ಮೊದಲ ಪಗಾರವೇ ಮರುತಿಂಗಳು. ಅವರು ಊರಿಂದ ತಂದ ದುಡ್ಡಿನಲ್ಲಿ ಪಿಜಿ ಡಿಪಾಸಿಟ್ ಕಟ್ಟಿ ದಿನ ದೂಡುತ್ತಿರುತ್ತಾರೆ. ಅವರಿಗೂ ಈ ಸಾಲು ಹೊಂದುತ್ತದೆ. ಮುಂದಿನ ಪಗಾರ ಅಂದರೆ ಅವರಿಗೆ ಮೊದಲ ಪಗಾರ, ಅಷ್ಟೇ.

ಸಂಬಳ ಅಂತ ಬರೆಯಬೇಕೇ ಅಂತ ಸ್ವಲ್ಪ ಚರ್ಚೆಯಾಯಿತು. ಈ ಪೇಜಿಗೆ ಬರುವವರು ಹೆಚ್ಚಾಗಿ ಉತ್ತರ ಕರ್ನಾಟಕದವರು, ಸೊಲ್ಲಾಪುರ, ಜತ್ತ ಕಡೆಯವರು. ಹಾಗಾಗಿ ಪಗಾರ. ಮೈಸೂರು ಕಡೆಯವರಿಗೂ ಅದು ಅರ್ಥವಾಗುತ್ತದೆ.

ಪ್ರಶ್ನೆಯ ರೂಪದ ಹೆಡ್‌ಲೈನಿಗೆ ಒಂದು ಅಪಾಯ ಇದೆ. ಉತ್ತರ ಪಕ್ಕದಲ್ಲೇ ಇಲ್ಲದಿದ್ದರೆ ಅದು ಸುಮ್ನೆ ಕೆಣಕಿದಂತೆ ಆಗುತ್ತದೆ. ಅದಕ್ಕೆ ಬಟನ್‌ನ ಕೆಳಗೆ ಆಪ್‌ನ ಪರದೆಯ ಚಿತ್ರ ಇಟ್ಟೆವು. ಅದರಲ್ಲಿ ದೊಡ್ಡದಾಗಿ "ದಿನಕ್ಕೆ ₹136", ಕೆಳಗೆ ಸಣ್ಣದಾಗಿ "ಬ್ಯಾಂಕಿನಲ್ಲಿ ₹11,800". ಅದು ಮೇಲೆ ಬಿಡಿಸಿದ ಲೆಕ್ಕವೇ, ಪೈಸೆಯನ್ನು ಆಪ್ ಬಿಟ್ಟುಬಿಡುತ್ತದೆ. ಮೊದಲು ಆ ಚಿತ್ರದಲ್ಲಿ ಬಣ್ಣಬಣ್ಣದ ವೃತ್ತದ ಗ್ರಾಫ್ ಇತ್ತು. ನೋಡಲು ಚೆಂದ, ಆದರೆ ಹೆಡ್‌ಲೈನ್ ಕೇಳಿದ್ದಕ್ಕೆ ಅದು ಉತ್ತರವಲ್ಲ.

ಸಬ್‌ಹೆಡಿಂಗ್

ಹೆಡ್‌ಲೈನ್ ಪ್ರಶ್ನೆ ಕೇಳಿದ ಮೇಲೆ ಸಬ್‌ಹೆಡಿಂಗ್‌ಗೆ ಎರಡು ಕೆಲಸ ಉಳಿಯುತ್ತದೆ. ಆ ಸಂಖ್ಯೆ ಹೇಗೆ ಬರುತ್ತದೆ ಅಂತ ಹೇಳಬೇಕು, ಇದು ಯಾರಿಗೆ ಅಂತ ಹೇಳಬೇಕು. ಮೊದಲ ಕರಡು: "ಪಿಜಿ ಬಾಡಿಗೆ, ಮನೆಗೆ ಕಳಿಸುವ ಹಣ, ಇಎಂಐ ಎಲ್ಲವನ್ನೂ ಪಗಾರ ಬಂದ ದಿನವೇ ತಾನಾಗಿಯೇ ಬದಿಗಿಟ್ಟು, ಉಳಿದದ್ದನ್ನು ದಿನದ ಲೆಕ್ಕದಲ್ಲಿ ತೋರಿಸುತ್ತದೆ."

ಇದರಲ್ಲಿ ಎರಡು ಕಡೆ ಮಾತು ನಿಜವನ್ನು ಮೀರಿತ್ತು.

"ಬದಿಗಿಟ್ಟು" ಅನ್ನುವುದನ್ನು ಓದಿದ ಹುಡುಗಿಯೊಬ್ಬಳು, "ಅಂದ್ರ ನನ್ನ ರೊಕ್ಕ ನಿಮ್ಮ ಆಪ್‌ನ್ಯಾಗ ಇಡಬೇಕೇನ್ರಿ?" ಅಂತ ಕೇಳಿದಳು. ಆಪ್ ದುಡ್ಡನ್ನು ಮುಟ್ಟುವುದೇ ಇಲ್ಲ, ಲೆಕ್ಕ ಮಾತ್ರ ಮಾಡುತ್ತದೆ. ಅವಳ ಭಯ ನ್ಯಾಯವಾದದ್ದು. ಗೊತ್ತಿಲ್ಲದ ಹೊಸ ಆಪ್‌ಗೆ ಪಗಾರ ಒಪ್ಪಿಸಲು ಯಾರು ಮುಂದೆ ಬರುತ್ತಾರೆ? ಹಾಗಾಗಿ "ಕಳೆದು" ಅಂತ ಮಾಡಿದೆವು.

"ತಾನಾಗಿಯೇ" ಅನ್ನುವುದು ಇನ್ನೂ ದೊಡ್ಡ ತೊಂದರೆ. ಆಂಡ್ರಾಯ್ಡ್ ಫೋನಿನಲ್ಲಿ ಬಳಕೆದಾರರು ಒಪ್ಪಿದರೆ ಆಪ್ ಬ್ಯಾಂಕಿನ ಎಸ್‌ಎಂಎಸ್ ಓದಿ ಖರ್ಚು ಬರೆದುಕೊಳ್ಳುತ್ತದೆ. ಅದಕ್ಕೂ ಪ್ಲೇ ಸ್ಟೋರ್‌ಗೆ ಕಾರಣ ತೋರಿಸಿ ಒಪ್ಪಿಗೆ ಪಡೆಯಬೇಕು. ಐಫೋನಿನಲ್ಲಿ ಬೇರೆ ಆಪ್‌ಗಳಿಗೆ ಎಸ್‌ಎಂಎಸ್ ಇನ್‌ಬಾಕ್ಸ್ ತೆರೆಯುವುದೇ ಇಲ್ಲ, ಅಲ್ಲಿ ಖರ್ಚನ್ನು ಕೈಯಿಂದ ಬರೆಯಬೇಕು. ಮೆಸ್ಸಿಗೆ ನಗದು ಕೊಟ್ಟರೆ ಯಾವ ಫೋನಿನಲ್ಲೂ ಎಸ್‌ಎಂಎಸ್ ಬರುವುದಿಲ್ಲ. ಪೇಜ್ ಒಂದೇ, ಓದುವ ಫೋನು ಎರಡು ಬಗೆ. ಎರಡರಲ್ಲೂ ನಿಜವಾಗುವುದನ್ನು ಮಾತ್ರ ಸಬ್‌ಹೆಡಿಂಗ್‌ನಲ್ಲಿ ಇಡಬಹುದು. ಆ ಪದ ತೆಗೆದೆವು. ಎಸ್‌ಎಂಎಸ್ ವಿಷಯ ಪೇಜಿನ ಕೆಳಗೆ, ಆಂಡ್ರಾಯ್ಡ್‌ಗೆ ಅಂತ ಸ್ಪಷ್ಟವಾಗಿ ಬರೆದು ಇಟ್ಟಿದ್ದೇವೆ.

ಕೊನೆಯ ರೂಪ:

ಪಿಜಿ ಬಾಡಿಗೆ, ಮನೆಗೆ ಕಳಿಸುವ ಹಣ, ಇಎಂಐ ಎಲ್ಲ ಕಳೆದು, ನಿಮ್ಮ ಕೈಖರ್ಚಿಗೆ ಎಷ್ಟು ಉಳಿಯುತ್ತದೆ ಎಂದು ತೋರಿಸುವ ಆಪ್. ಮೊದಲ ಕೆಲಸದಲ್ಲಿ ಇರುವವರಿಗಾಗಿ.

"ಯುವಜನರಿಗಾಗಿ" ಅನ್ನುವ ಮಾತು ಇಲ್ಲಿಲ್ಲ, ಬೇಕಾಗಲೂ ಇಲ್ಲ. ಪಿಜಿ ಬಾಡಿಗೆ ಮತ್ತು ಮನೆಗೆ ಕಳಿಸುವ ಹಣ ಅಕ್ಕಪಕ್ಕ ಬಂದ ಕೂಡಲೇ ಓದುವವರಿಗೆ ಇದು ತಮ್ಮದು ಅಂತ ಗೊತ್ತಾಗುತ್ತದೆ. ಬಟನ್ ಮೇಲೆ "ಲೆಕ್ಕ ಶುರು ಮಾಡಿ", ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ "ಬ್ಯಾಂಕ್ ಪಾಸ್‌ವರ್ಡ್, ಯುಪಿಐ ಪಿನ್ ಕೇಳುವುದಿಲ್ಲ". ಈ ಅನುಮಾನ ಹುಟ್ಟುವುದು ಬೆರಳು ಬಟನ್ ಹತ್ತಿರ ಬಂದಾಗ. ಅದಕ್ಕೇ ಉತ್ತರವನ್ನೂ ಅಲ್ಲೇ ಇಟ್ಟೆವು.

ಅಕ್ಷರಗಳು ಕತ್ತರಿಸಿಹೋದದ್ದು

ಪೇಜಿನ ಟೆಂಪ್ಲೇಟ್ ಇಂಗ್ಲಿಷಿಗೆ ಅಂತ ಮಾಡಿದ್ದು. ಸಾಲುಗಳ ನಡುವೆ ಜಾಗ ಕಡಿಮೆ, ಅಕ್ಷರಗಳನ್ನು ಒಂದಕ್ಕೊಂದು ಒತ್ತಿ ಕೂರಿಸಿದ್ದರು. ಕನ್ನಡ ಹಾಕಿದಾಗ "ದಿನಕ್ಕೆ", "ಎಷ್ಟು" ಪದಗಳ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗಿತು, ಒಂದು ಫೋನಿನಲ್ಲಂತೂ ಒತ್ತಿನ ತುದಿಯೇ ಕಾಣಲಿಲ್ಲ. ಅನೇಕ್ ಕನ್ನಡ ಅಕ್ಷರಶೈಲಿ ಹಾಕಿದೆವು. ಅದು ಮುಂಬೈಯ ಏಕ್ ಟೈಪ್‌ನವರು ಮಾಡಿದ್ದು, ಬಳಸಲು ಉಚಿತ. ಹೆಡ್‌ಲೈನಿಗೆ ಬದಲಿಸಿದ್ದು ಇಷ್ಟೇ:

```css
h1:lang(kn) {
  font-family: "Anek Kannada", sans-serif;
  font-size: 28px;
  line-height: 1.45;
  letter-spacing: 0;
}
```

ಇದು ಕೆಲಸ ಮಾಡಬೇಕಾದರೆ ಪೇಜಿನಲ್ಲಿ `lang="kn"` ಇರಬೇಕು. ಅಗ್ಗದ ಆಂಡ್ರಾಯ್ಡ್ ಫೋನುಗಳಲ್ಲಿ ಪರದೆಯ ಅಗಲ ಹೆಚ್ಚಾಗಿ 360 ಪಿಕ್ಸೆಲ್. ಅದರಲ್ಲಿ ಈ ಹೆಡ್‌ಲೈನ್ ಮೂರು ಸಾಲಿನೊಳಗೆ ಕೂರುತ್ತದೆ. ಸಬ್‌ಹೆಡಿಂಗ್, ಬಟನ್ ಆದ ಮೇಲೂ ಪರದೆಯ ಚಿತ್ರದ ಸಂಖ್ಯೆ ಸ್ಕ್ರಾಲ್ ಮಾಡದೆ ಕಾಣುತ್ತದೆ. ಅದಕ್ಕಿಂತ ಉದ್ದದ ಹೆಡ್‌ಲೈನ್ ಬರೆದಿದ್ದರೆ ಉತ್ತರ ಸ್ಕ್ರಾಲ್ ಮಾಡಿದರೆ ಮಾತ್ರ ಕಾಣುವ ಕಡೆ ಹೋಗಿಬಿಡುತ್ತಿತ್ತು.

ಗೆದ್ದಿದೆ ಅಂತ ಹೇಗೆ ಗೊತ್ತಾಗುವುದು

ಎರಡು ಹೆಡ್‌ಲೈನನ್ನು ಅರ್ಧರ್ಧ ಜನಕ್ಕೆ ತೋರಿಸಿ ಎ/ಬಿ ಟೆಸ್ಟ್ ಮಾಡೋಣ ಅಂತ ಸ್ಥಾಪಕರು ಕೇಳಿದರು. ನಾವು ಲೆಕ್ಕ ಹಾಕಿದೆವು. ನೂರರಲ್ಲಿ ನಾಲ್ಕು ಜನ ಸೇರುವ ಕಡೆ ಐದು ಜನ ಸೇರುತ್ತಿದ್ದಾರೆ ಅಂತ ಸಾಮಾನ್ಯವಾಗಿ ಒಪ್ಪುವ ಖಾತ್ರಿಯಲ್ಲಿ ಹೇಳಬೇಕಾದರೆ, ಒಂದೊಂದು ಹೆಡ್‌ಲೈನಿಗೂ ಏಳು ಸಾವಿರದ ಹತ್ತಿರ ಜನ ಬರಬೇಕು. ಪೇಜಿಗೆ ದಿನಕ್ಕೆ ಬರುತ್ತಿದ್ದದ್ದು ನೂರಕ್ಕಿಂತ ಕಡಿಮೆ. ನಾಲ್ಕು ತಿಂಗಳಾದರೂ ಸಾಲದು. ಒಂದು ವಾರ ನಡೆಸಿ ಹದಿನೈದಕ್ಕೆ ಹನ್ನೊಂದು ಅಂತ ನೋಡಿ ಗೆದ್ದವರನ್ನು ಆರಿಸುವುದು ನಾಣ್ಯ ಚಿಮ್ಮಿದ ಹಾಗೆ. ಅದನ್ನು ಬಿಟ್ಟೆವು.

ಬದಲಿಗೆ ಅದೇ ಐದು ಸೆಕೆಂಡಿನ ಪರೀಕ್ಷೆಯನ್ನು, ಮೊದಲು ಪೇಜ್ ನೋಡಿರದ ಹೊಸಬರ ಹತ್ತಿರ ಮಾಡಿದೆವು. ಈ ಸಲ ಉತ್ತರಗಳು ಒಂದೇ ದಿಕ್ಕಿನಲ್ಲಿದ್ದವು: ದಿನಕ್ಕೆ ಎಷ್ಟು ಖರ್ಚು ಮಾಡಬಹುದು ಅಂತ ಹೇಳುವ ಆಪ್, ಪಿಜಿಯಲ್ಲಿ ಇರುವವರಿಗೆ. ಸಾಲ ಅಂತ ಯಾರೂ ಹೇಳಲಿಲ್ಲ. ಇನ್‌ಸ್ಟಾಗ್ರಾಂ ಜಾಹೀರಾತಿನಲ್ಲೂ ಹೆಡ್‌ಲೈನಿನ ಸಾಲನ್ನೇ ಹಾಕಿದೆವು, ಯಾಕಂದರೆ ಅಲ್ಲಿ ಒಂದು ಮಾತು ಓದಿ ಬಂದವರಿಗೆ ಇಲ್ಲಿ ಬೇರೆ ಮಾತು ಕಂಡರೆ ದಾರಿ ತಪ್ಪಿದೆವು ಅಂತ ಹಿಂದೆ ಹೋಗುತ್ತಾರೆ. ಹಿಂದಿನ ಹೆಡ್‌ಲೈನಿಗೆ ಹೋಲಿಸಿದರೆ ಕ್ಲಿಕ್ ಕಡಿಮೆಯಾದವು. ಬಂದವರಲ್ಲಿ ಪಗಾರದ ತಾರೀಖು ತುಂಬುವವರು ಜಾಸ್ತಿಯಾದರು, ಲೋನ್ ಕೇಳುವ ಸಂದೇಶಗಳು ಹೆಚ್ಚುಕಡಿಮೆ ನಿಂತವು. ಅದೇ ಹೊತ್ತಿಗೆ ಪರದೆಯ ಚಿತ್ರವೂ, ಜಾಹೀರಾತೂ ಬದಲಾಗಿದ್ದರಿಂದ ಪೂರ್ತಿ ಫಲ ಹೆಡ್‌ಲೈನ್ ಒಂದರದೇ ಅಂತ ನಾನು ಹೇಳುವುದಿಲ್ಲ.

ಒಂದು ಗುಂಪು ಇನ್ನೂ ಹೊರಗೆ ಉಳಿದಿದೆ. ಪುಣೆಯಲ್ಲೇ ಹುಟ್ಟಿ ಬೆಳೆದು, ಅಪ್ಪ ಅಮ್ಮನ ಜೊತೆಗೇ ಇದ್ದು ಕೆಲಸಕ್ಕೆ ಹೋಗುವ ಕನ್ನಡದ ಮಕ್ಕಳು. ಅವರಿಗೆ ಪಿಜಿ ಬಾಡಿಗೆ ಇಲ್ಲ. ಅವರಲ್ಲಿ ಒಬ್ಬಳು ಪೇಜ್ ನೋಡಿ, "ಇದು ಊರಿಂದ ಬಂದವರಿಗೆ, ನನಗಲ್ಲ" ಅಂದಳು. ಎಲ್ಲರಿಗೂ ಹೊಂದಲಿ ಅಂತ ಸಬ್‌ಹೆಡಿಂಗ್ ಸಡಿಲ ಮಾಡಿದರೆ ಈಗ ಒಳಗೆ ಬಂದವರೂ ಹೋಗುತ್ತಾರೆ. ಅದಕ್ಕೆ ಅವರಿಗೆ ಬೇರೆ ಜಾಹೀರಾತು, ಬೇರೆ ಪೇಜ್ ಅಂತ ಮಾಡಿದ್ದೇವೆ. ಹೆಡ್‌ಲೈನ್ ಅದೇ, ಸಬ್‌ಹೆಡಿಂಗ್ ಮಾತ್ರ ಹೀಗೆ ಶುರುವಾಗುತ್ತದೆ: "ಮನೆಗೆ ಕೊಡುವ ಹಣ, ಗಾಡಿಯ ಪೆಟ್ರೋಲ್, ಇಎಂಐ ಎಲ್ಲ ಕಳೆದು". ಇದನ್ನು ಇನ್ನೂ ಹೊಸಬರಿಗೆ ತೋರಿಸಿಲ್ಲ. ಮುಂದಿನ ಐದು ಸೆಕೆಂಡಿನ ಪರೀಕ್ಷೆ ಇದಕ್ಕೇ. ಅದು ಮೆಸ್ಸಿನಲ್ಲಿ ಆಗುವುದಿಲ್ಲ, ಈ ಮಕ್ಕಳು ಊಟಕ್ಕೆ ಮನೆಗೆ ಹೋಗುತ್ತಾರೆ. ಹಿಂಜವಡಿಯ ಕಂಪನಿ ಬಸ್ಸುಗಳು ನಿಲ್ಲುವ ಕಡೆ ಸಂಜೆ ಹೋಗಿ ಕೇಳುವುದು ಅಂತ ಗೊತ್ತುಮಾಡಿದ್ದೇವೆ.